ಓದದ ವರದಿಗೆ ಅಡಿಟಿಪ್ಪಣಿ ಹಾಕುವ ಮುನ್ನ

ಚಿತ್ರದುರ್ಗದ ಇತಿಹಾಸದ ಮೇಲೆ ಕಿರುಪ್ರಬಂಧ ಬರೆಯುವವರಿಗೆ ಚಂದ್ರವಳ್ಳಿಯ ಮಯೂರಶರ್ಮನ ಶಾಸನ ಬಿಟ್ಟು ಮುಂದೆ ಹೋಗಲು ಆಗುವುದಿಲ್ಲ. ಭೈರವೇಶ್ವರ ಗುಡಿಯ ಹತ್ತಿರ ಬಂಡೆಯ ಮೇಲಿರುವ ಪುಟ್ಟ ಪ್ರಾಕೃತ ಬರಹ ಅದು. ಸಾಮಾನ್ಯವಾಗಿ ವಿದ್ಯಾರ್ಥಿ ಏನು ಮಾಡುತ್ತಾನೆ? ಯಾವುದೋ ಪಠ್ಯಪುಸ್ತಕದಲ್ಲಿ 'ಮಯೂರಶರ್ಮ ಪಲ್ಲವರು, ಅಭೀರರು, ತ್ರೈಕೂಟಕರನ್ನು ಸೋಲಿಸಿದ' ಎಂಬ ವಾಕ್ಯ ಓದುತ್ತಾನೆ. ಅದರ ಕೆಳಗೆ 'ಮೈಸೂರು ಪುರಾತತ್ವ ಇಲಾಖೆಯ ವಾರ್ಷಿಕ ವರದಿ, 1929' ಎಂದಿರುತ್ತದೆ. ಎರಡನ್ನೂ ತನ್ನ ಪ್ರಬಂಧಕ್ಕೆ ಇಳಿಸಿಕೊಳ್ಳುತ್ತಾನೆ. ಪಠ್ಯಪುಸ್ತಕದ ಹೆಸರು ಮಾತ್ರ ಮಾಯ.

ಇಲ್ಲಿ ಅಪಾಯ ಎಲ್ಲಿದೆ ಅಂತ ನೋಡೋಣ. ಬಂಡೆಯ ಮೇಲಿನ ಅಕ್ಷರ ಒಂದು. ಆ ಅಕ್ಷರಗಳನ್ನು, ವರದಿಯಲ್ಲಿ ಶಾಸನವನ್ನು ಪ್ರಕಟಿಸಿದ ಎಂ.ಎಚ್. ಕೃಷ್ಣ ಓದಿದ ರೀತಿ ಇನ್ನೊಂದು. ಆ ಓದಿನಿಂದ ಕಟ್ಟಿದ ಅರ್ಥ ಮೂರನೆಯದು. ಮಯೂರಶರ್ಮ ಕೆರೆ ಕಟ್ಟಿಸಿದ ಮಾತು, ಜೊತೆಗೆ ತ್ರೇಕೂಟ, ಅಭೀರ, ಪಲ್ಲವ, ಪುಣಾಟ ಮುಂತಾದ ಹೆಸರುಗಳು ಕೃಷ್ಣ ಅವರ ಓದಿನಲ್ಲಿವೆ. ಬಂಡೆ ಸವೆದಿದೆ. ಹಾಗಾಗಿ ಈ ಓದನ್ನೂ ಅದರಿಂದ ಬರುವ ದಿಗ್ವಿಜಯದ ಚಿತ್ರವನ್ನೂ ನಂತರದ ವಿದ್ವಾಂಸರು ಪ್ರಶ್ನಿಸಿದ್ದಾರೆ. ವರದಿ ತೆರೆದವರಿಗೆ 'ಇದು ಒಬ್ಬರ ಓದು' ಎಂದು ತಿಳಿಯುತ್ತದೆ. ಪಠ್ಯಪುಸ್ತಕದ ವಾಕ್ಯದಲ್ಲಿ ಆ ಸುಳಿವೇ ಇಲ್ಲ. ಓದದೆ ವರದಿಯ ಹೆಸರು ಬರೆದವನು ವಾದದಲ್ಲಿರುವ ಓದಿಗೆ ತಾನೇ ಸಾಕ್ಷಿ ನಿಂತ ಹಾಗಾಯಿತು.

ನಕಲು ಸಿಕ್ಕಿಬೀಳುವುದು ಸಣ್ಣ ತಪ್ಪಿನಿಂದಲೇ. ಸಿಮ್ಕಿನ್ ಮತ್ತು ರಾಯ್‌ಚೌಧುರಿ ಎಂಬ ಇಬ್ಬರು, ಭೌತವಿಜ್ಞಾನದ ಒಂದು ಪ್ರಸಿದ್ಧ ಲೇಖನಕ್ಕೆ ಬಂದ ಸುಮಾರು 4,300 ಉಲ್ಲೇಖಗಳನ್ನು ಪರಿಶೀಲಿಸಿದರು. ಸಂಪುಟ, ಪುಟ, ವರ್ಷ ತಪ್ಪಾಗಿದ್ದವು 196. ಆದರೆ ಬೇರೆ ಬೇರೆ ರೀತಿಯ ತಪ್ಪುಗಳು ಕೇವಲ 45. ಒಂದೇ ತಪ್ಪು 78 ಕಡೆ ಬಂದಿತ್ತು! ಅಷ್ಟು ಜನ ಸ್ವತಂತ್ರವಾಗಿ ಒಂದೇ ರೀತಿ ಎಡವುವುದು ಸಾಧ್ಯವಿಲ್ಲ ಅಲ್ವಾ? ಒಬ್ಬರ ಪಟ್ಟಿಯಿಂದ ಇನ್ನೊಬ್ಬರು ಇಳಿಸಿಕೊಂಡಿದ್ದಾರೆ. ಉಲ್ಲೇಖಿಸುವವರಲ್ಲಿ ಮೂಲ ಓದುವವರು ಐದರಲ್ಲಿ ಒಬ್ಬರು ಮಾತ್ರ ಎಂಬುದು 2003ರಲ್ಲಿ ಅವರು ಪ್ರಕಟಿಸಿದ ಅಂದಾಜು. ಅದು ಅಂದಾಜೇ, ಎಣಿಕೆಯಲ್ಲ.

ಹಾಗಾದರೆ ಮಾಡುವುದು ಹೇಗೆ?

ಮೊದಲು ಮೂಲ ಸಿಗುತ್ತದಾ ನೋಡಿ. ಮೈಸೂರು ಪುರಾತತ್ವ ವರದಿಗಳ ಹಲವು ಸಂಪುಟಗಳ ಸ್ಕ್ಯಾನ್ archive.org ನಲ್ಲಿವೆ. ಹುಡುಕುವಾಗ ಒಂದು ವಿಷಯ ನೆನಪಿರಲಿ. 1929 ಎಂಬುದು ವರದಿಯ ವರ್ಷ, ಅದು ಅಚ್ಚಾದದ್ದು 1931ರಲ್ಲಿ. ಈ ಎರಡನ್ನು ಬೆರೆಸಿದ ಅಡಿಟಿಪ್ಪಣಿ ಕಂಡರೆ, ಬರೆದವರು ಮುಖಪುಟ ನೋಡಿದ್ದಾರಾ ಎಂಬ ಅನುಮಾನ ಪರೀಕ್ಷಕರಿಗೆ ಬರುತ್ತದೆ.

ಸಿಕ್ಕಿದರೆ ಇಡೀ ಸಂಪುಟ ಓದಬೇಕಿಲ್ಲ. ಶಾಸನದ ಭಾಗ ಪೂರ್ತಿ ಓದಿ. ಪಠ್ಯ ಎಲ್ಲಿ ಮುಗಿಯುತ್ತದೆ, ಸಂಪಾದಕರ ಟಿಪ್ಪಣಿ ಎಲ್ಲಿ ಶುರುವಾಗುತ್ತದೆ ಎಂದು ಗುರುತು ಹಾಕಿಕೊಳ್ಳಿ. ನಿಮ್ಮ ಕಣ್ಣಿಗೆ ಬಿದ್ದ ಪುಟದ ಸಂಖ್ಯೆಯನ್ನೇ ಬರೆಯಿರಿ. ಬ್ರಾಹ್ಮಿ, ಪ್ರಾಕೃತ ಬಾರದಿದ್ದರೆ 'ಶಾಸನ ಹೇಳುತ್ತದೆ' ಎನ್ನಬೇಡಿ, 'ಕೃಷ್ಣ ಅವರ ಓದಿನ ಪ್ರಕಾರ' ಎನ್ನಿ. ಆಮೇಲೆ ಬೇರೆಯವರ ಓದನ್ನೂ ಹುಡುಕಿ.

ಸಿಗದಿದ್ದರೆ, ಅಡಿಟಿಪ್ಪಣಿ ಹೀಗಿರಲಿ:

'ಮೈಸೂರು ಪುರಾತತ್ವ ಇಲಾಖೆಯ ವಾರ್ಷಿಕ ವರದಿ, 1929. ಉದ್ಧೃತ: ನೀವು ಓದಿದ ಪುಸ್ತಕದ ಲೇಖಕರು, ಪುಸ್ತಕದ ಹೆಸರು, ವರ್ಷ, ಪುಟ.'

ಕೊನೆಯ ಗ್ರಂಥಸೂಚಿಯಲ್ಲಿ ಓದಿದ ಪುಸ್ತಕ ಮಾತ್ರ ಬರಲಿ. ವರದಿ ಬೇಡ. ಕೆಲವು ಕಡೆ ಕ್ರಮ ಸ್ವಲ್ಪ ಬೇರೆ ಇರುತ್ತದೆ, ಗೈಡ್ ಹತ್ತಿರ ಕೇಳಿಕೊಳ್ಳಿ. ಪಠ್ಯದಲ್ಲೂ ವಾಕ್ಯ ಬದಲಾಗಬೇಕು. 'ಮಯೂರಶರ್ಮ ಪಲ್ಲವರನ್ನು ಸೋಲಿಸಿದನೆಂದು ಶಾಸನದಲ್ಲಿದೆ' ಎಂಬುದರ ಬದಲು 'ಶಾಸನದಲ್ಲಿ ಹಾಗಿದೆ ಎಂದು ಇಂಥವರು ಹೇಳುತ್ತಾರೆ' ಎಂದಾಗಬೇಕು.

'ಉದ್ಧೃತ' ಜಾಸ್ತಿಯಾದರೆ ಪ್ರಬಂಧ ಬಡವಾಗಿ ಕಾಣುತ್ತದೆ ಎಂಬ ಅಳುಕು ಹಲವರಿಗೆ ಇದೆ. ಅಳುಕು ಸುಳ್ಳಲ್ಲ. ಆದರೆ ಪರಿಹಾರ ಆ ಮಾತನ್ನು ಅಳಿಸುವುದಲ್ಲ. ಯಾವುದಕ್ಕೆ ಮೂಲ ಬೇಕೇ ಬೇಕು ಎಂದು ತೂಗಿ ನೋಡಿ. ಕೋಟೆಯ ಬಗ್ಗೆ ಬರೆಯುತ್ತಾ ಊರಿನ ಹಳೆಯ ಚರಿತ್ರೆಗೆ ಎರಡು ಸಾಲು ಕೊಡುವವರಿಗೆ 'ಉದ್ಧೃತ' ಸಾಕು. ಕದಂಬರ ಆರಂಭವೇ ನಿಮ್ಮ ಅಧ್ಯಾಯದ ವಿಷಯವಾದರೆ ಸಾಲದು. ಆಗ ವರದಿ ಸಿಗುವವರೆಗೆ ಆ ಪ್ಯಾರಾವನ್ನು ಖಾಲಿ ಬಿಡಿ, ವರದಿ ಓದಿದ ಮೇಲೆ ತುಂಬಿಸಿ.