ರೆಸ್ಯೂಮೆಯಲ್ಲಿ ಪ್ರತಿ ಹುದ್ದೆಗೆ ಎಷ್ಟು ಬುಲೆಟ್?

ಮೂರು ಕಡೆ ಕೆಲಸ ಮಾಡಿದ ಅಕೌಂಟ್ಸ್ ಅಸಿಸ್ಟೆಂಟ್ ಒಬ್ಬರ ರೆಸ್ಯೂಮೆಯನ್ನು ತೆಗೆದುಕೊಳ್ಳೋಣ. ಮೂರೂ ಹುದ್ದೆಗಳ ಕೆಳಗೆ ಏಳೇಳು ಬುಲೆಟ್‌ಗಳಿವೆ. ಎಂಟು ವರ್ಷದ ಹಿಂದಿನ ಬಿಲ್ಲಿಂಗ್ ಕೆಲಸಕ್ಕೂ ಈಗಿನ ಕೆಲಸಕ್ಕೂ ಒಂದೇ ಅಳತೆಯ ಜಾಗ ಸಿಕ್ಕಿರುವುದರಿಂದ, ಯಾವುದು ಮುಖ್ಯ ಎಂದು ಓದುವವರಿಗೆ ಗೊತ್ತಾಗುವುದಿಲ್ಲ.

ಮೊದಲು ಸಂಖ್ಯೆ ಸರಿಮಾಡಿ. ಈಗಿನ ಹುದ್ದೆಗೆ ನಾಲ್ಕರಿಂದ ಆರು, ಅದರ ಹಿಂದಿನದಕ್ಕೆ ಮೂರು, ತೀರಾ ಹಳೆಯದಕ್ಕೆ ಒಂದೋ ಎರಡೋ ಸಾಕು. ಆದರೆ ಅರ್ಜಿ ಹಾಕುತ್ತಿರುವ ಕೆಲಸಕ್ಕೆ ಹಳೆಯ ಹುದ್ದೆಯೇ ಹತ್ತಿರವಾಗಿದ್ದರೆ ಈ ಲೆಕ್ಕ ಬದಲಾಗಬೇಕು. ವರ್ಷಕ್ಕಿಂತ ಹೊಂದಿಕೆ ದೊಡ್ಡದು. ಸೇರಿ ಎರಡು ತಿಂಗಳಾದ ಹುದ್ದೆಗೆ ಆರು ಬುಲೆಟ್ ತುಂಬಿಸಲು ಹೋದರೆ ಒಂದೇ ಕೆಲಸ ಎರಡೆರಡು ಸಲ ಬರುತ್ತದೆ. ಉಳಿಸಿಕೊಂಡ ಬುಲೆಟ್‌ಗಳಲ್ಲಿ ಬಲವಾದದ್ದನ್ನು ಮೇಲಿಡಿ.

ಉದ್ದ ಒಂದು ಸಾಲು, ಹೆಚ್ಚೆಂದರೆ ಎರಡು. ಮೂರನೆಯ ಸಾಲಿಗೆ ಇಳಿದರೆ ಅದರಲ್ಲಿ ಸಾಮಾನ್ಯವಾಗಿ ಎರಡು ಕೆಲಸಗಳು ಸೇರಿಕೊಂಡಿರುತ್ತವೆ. 'ಮತ್ತು', 'ಜೊತೆಗೆ' ಇರುವಲ್ಲಿ ಕತ್ತರಿಸಿ. ಒಂದೇ ಪದ ಎರಡನೆಯ ಸಾಲಿಗೆ ಜಾರಿದ್ದರೆ ಅಕ್ಷರದ ಗಾತ್ರ ಕುಗ್ಗಿಸಬೇಡಿ, ವಾಕ್ಯದಲ್ಲೇ ಒಂದು ಪದ ತೆಗೆಯಿರಿ.

ಹೆಚ್ಚು ಎಡವುವುದು ವಾಕ್ಯದ ರೂಪದಲ್ಲಿ. ನಮ್ಮ ಅಸಿಸ್ಟೆಂಟ್ ಈಗಿನ ಹುದ್ದೆಯ ಕೆಳಗೆ ಹೀಗೆ ಬರೆದಿದ್ದಾರೆ:

• ಜಿಎಸ್‌ಟಿ ರಿಟರ್ನ್ ಜವಾಬ್ದಾರಿ
• ಟ್ಯಾಲಿಯಲ್ಲಿ ವೋಚರ್ ನಮೂದಿಸುತ್ತಿದ್ದೆ
• ಗ್ರಾಹಕರಿಂದ ಬಾಕಿ ವಸೂಲಿ ಮಾಡಲಾಗಿದೆ

ಮೊದಲನೆಯದು ಬರೀ ನಾಮಪದ, ಎರಡನೆಯದು ಮುಗಿದುಹೋದ ಕೆಲಸದಂತಿದೆ, ಮೂರನೆಯದರಲ್ಲಿ ಮಾಡಿದವರು ಯಾರೆಂದೇ ಇಲ್ಲ. ಪ್ರತಿ ಸಾಲಿಗೂ ಓದುವವರು ಹೊಸದಾಗಿ ಹೊಂದಿಕೊಳ್ಳಬೇಕು. ತಿದ್ದಿದ ಮೇಲೆ:

• ಜಿಎಸ್‌ಟಿ ರಿಟರ್ನ್ ಅನ್ನು ಮೂರು ಶಾಖೆಗಳ ಮಾರಾಟದ ಲೆಕ್ಕ ಸೇರಿಸಿ ಪ್ರತಿ ತಿಂಗಳು ಸಲ್ಲಿಸುತ್ತೇನೆ
• ವೋಚರ್‌ಗಳನ್ನು ಟ್ಯಾಲಿಯಲ್ಲಿ ದಿನಕ್ಕೆ ಸುಮಾರು 60ರಂತೆ ನಮೂದಿಸುತ್ತೇನೆ
• ಗ್ರಾಹಕರ ಬಾಕಿಗಳಲ್ಲಿ 90 ದಿನ ಮೀರಿದವನ್ನು ವಸೂಲಿ ಮಾಡುತ್ತೇನೆ

ಈಗಿನ ಹುದ್ದೆಗೆ ಎಲ್ಲವೂ '-ಉತ್ತೇನೆ'. ಬಿಟ್ಟ ಹುದ್ದೆಗಳಿಗೆ ಎಲ್ಲವೂ 'ಸಲ್ಲಿಸಿದೆ', 'ನಮೂದಿಸಿದೆ'. ಇಂಗ್ಲಿಷ್ ರೆಸ್ಯೂಮೆಯಲ್ಲಿ ಕ್ರಿಯಾಪದ ಸಾಲಿನ ಮೊದಲಿಗೆ ಬರುವುದರಿಂದ ಸಮರೂಪ ಎಡಬದಿಯಲ್ಲೇ ಕಾಣುತ್ತದೆ. ಕನ್ನಡದಲ್ಲಿ ಅದು ಕೊನೆಗೆ ಬರುತ್ತದೆ, ಕಣ್ಣು ಮಾತ್ರ ಎಡಬದಿಯಲ್ಲೇ ಇಳಿಯುತ್ತದೆ. ಹಾಗಾಗಿ 'ನಾನು', 'ಕಂಪನಿಯಲ್ಲಿ' ಎಂಬಂಥ ಪದಗಳಿಂದ ಶುರುಮಾಡದೆ, ಸಂಖ್ಯೆಯನ್ನೋ ಕೆಲಸದ ಹೆಸರನ್ನೋ ಮುಂದೆ ತನ್ನಿ. ಸಂಖ್ಯೆ ಖಚಿತವಾಗಿ ಗೊತ್ತಿಲ್ಲದಿದ್ದರೆ ಊಹಿಸಿ ಬರೆಯಬೇಡಿ. ಸಂದರ್ಶನದಲ್ಲಿ ಅದನ್ನೇ ಕೇಳಬಹುದು.

ಕೊನೆಯ ಚುಕ್ಕಿ ಇಡುವುದಾದರೆ ಎಲ್ಲ ಸಾಲಿಗೂ ಇಡಿ, ಇಲ್ಲವಾದರೆ ಯಾವುದಕ್ಕೂ ಬೇಡ. ಆಮೇಲೆ ಪ್ರತಿ ಬುಲೆಟ್‌ನ ಮೊದಲ ಮೂರು ಪದಗಳನ್ನಷ್ಟೇ ಮೇಲಿನಿಂದ ಕೆಳಕ್ಕೆ ಓದಿ. ಯಾವ ಕೆಲಸವೆಂದು ಅಷ್ಟರಲ್ಲೇ ಹೊಳೆಯದ ಸಾಲನ್ನು ಮತ್ತೆ ಬರೆಯಿರಿ.