ಇಪ್ಪತ್ತು ದಿನಕ್ಕೆ ಎಷ್ಟು ಉಳಿಯಿತು?

ಸೆಕೆಂಡ್ ಪಿಯುಸಿಯಲ್ಲಿ ನಾನು ಬರೆದ ಒಂದು ಉತ್ತರ ಇವತ್ತಿಗೂ ನೆನಪಿದೆ. 0.5653. ಸುತ್ತ ಸ್ಕೇಲ್ ಇಟ್ಟು ಚೌಕ ಬೇರೆ ಹಾಕಿದ್ದೆ. ಪ್ರಶ್ನೆ ಸುಲಭದ್ದೇ: ವಿಕಿರಣಶೀಲ ಅಯೋಡಿನ್-131ರ ಅರ್ಧಾಯುಷ್ಯ 8 ದಿನ, 20 ದಿನಗಳ ನಂತರ ಮೊದಲಿದ್ದದ್ದರ ಎಷ್ಟು ಭಾಗ ಉಳಿದಿರುತ್ತದೆ? ಪೇಪರ್ ಕೊಡುವಾಗ ನಮ್ಮ ಮೇಷ್ಟ್ರು ಒಂದೇ ಮಾತು ಕೇಳಿದರು. "ಎಂಟು ದಿನಕ್ಕೇ ಅರ್ಧ ಆಯ್ತಲ್ಲಮ್ಮ, ಇಪ್ಪತ್ತು ದಿನಕ್ಕೆ ಅರ್ಧಕ್ಕಿಂತ ಜಾಸ್ತಿ ಹೇಗೆ ಉಳೀತು?" ಇಡೀ ಕ್ಲಾಸ್ ನಕ್ಕಿತು. ಸೂತ್ರ ಸರಿ ಇತ್ತು, ಭಾಗಾಕಾರ ಸರಿ ಇತ್ತು. ಉತ್ತರ ಮಾತ್ರ ಆಗಲಿಕ್ಕೇ ಸಾಧ್ಯವಿಲ್ಲದ್ದು.

ಈಗ ಹಾಸನದಲ್ಲಿ ಮನೆಯ ಮಹಡಿ ಮೇಲೆ ನಾನೇ ಟ್ಯೂಷನ್ ಮಾಡುತ್ತೇನೆ. ಆಲೂರಿನಿಂದ, ಚನ್ನರಾಯಪಟ್ಟಣದಿಂದ ಬಸ್ಸಿನಲ್ಲಿ ಬರುವ ಮಕ್ಕಳಿದ್ದಾರೆ. ಈ ಲೆಕ್ಕ ಬಂದಾಗಲೆಲ್ಲ ನಾನು ಮೊದಲು ಸೂತ್ರ ಬರೆಯುವುದಿಲ್ಲ, ಬರೆಯಲು ಬಿಡುವುದೂ ಇಲ್ಲ. ಮೊದಲು ಉತ್ತರಕ್ಕೆ ಒಂದು ಬೇಲಿ ಹಾಕುತ್ತೇವೆ.

ಬೇಲಿ ಅಂದರೆ ಇಷ್ಟೇ. 8 ದಿನಕ್ಕೆ ಅರ್ಧ. 16 ದಿನಕ್ಕೆ ಅರ್ಧದ ಅರ್ಧ, ಅಂದರೆ ಕಾಲು ಭಾಗ. 24 ದಿನಕ್ಕೆ ಅರೆಕಾಲು, ಅಂದರೆ ಎಂಟರಲ್ಲಿ ಒಂದು. ನಮಗೆ ಬೇಕಾದ 20ನೇ ದಿನ 16ಕ್ಕೂ 24ಕ್ಕೂ ನಡುವೆ ಇದೆ. ಹಾಗಾಗಿ ಉತ್ತರ 0.25ಕ್ಕಿಂತ ಕಡಿಮೆ, 0.125ಕ್ಕಿಂತ ಜಾಸ್ತಿ. ಈ ಎರಡು ಸಂಖ್ಯೆಗಳನ್ನು ಪುಟದ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಬರೆದಿಡಬೇಕು. ಆಮೇಲೆ ಸೂತ್ರ.

ಸೂತ್ರ ಎಲ್ಲರಿಗೂ ಗೊತ್ತಿರುವುದೇ:

```
N/N0 = e^(-λt)
λ = 0.693/T
```

ಇಲ್ಲಿ N0 ಅಂದರೆ ಮೊದಲಿದ್ದದ್ದು, N ಅಂದರೆ t ಸಮಯದ ನಂತರ ಉಳಿದದ್ದು, λ ಅಂದರೆ ಕ್ಷಯ ಸ್ಥಿರಾಂಕ, T ಅಂದರೆ ಅರ್ಧಾಯುಷ್ಯ. 0.693 ಎಲ್ಲಿಂದ ಬಂತು ಅಂತ ಪ್ರತಿ ವರ್ಷ ಯಾರಾದರೂ ಒಬ್ಬರು ಕೇಳುತ್ತಾರೆ, ಕೇಳಲೇಬೇಕು. T ಸಮಯಕ್ಕೆ ಅರ್ಧ ಉಳಿಯಬೇಕಾದರೆ e^(λT) ಎರಡಾಗಬೇಕು. e ಅನ್ನು ಎಷ್ಟರ ಘಾತಕ್ಕೆ ಏರಿಸಿದರೆ 2 ಬರುತ್ತದೋ ಅದೇ 0.693. ಬೇರೆ ಗುಟ್ಟೇನೂ ಇಲ್ಲ.

ಈಗ ಲೆಕ್ಕ. λ = 0.693/8 = 0.0866, ದಿನವೊಂದಕ್ಕೆ. ಇದನ್ನು 20ರಿಂದ ಗುಣಿಸಿದರೆ 1.7325. ಸೈಂಟಿಫಿಕ್ ಕ್ಯಾಲ್ಕುಲೇಟರ್ ಇದ್ದರೆ ಇಲ್ಲಿಗೇ ಮುಗಿಯಿತು. ಲಾಗ್ ಟೇಬಲ್ ಹಿಡಿದವರಿಗೆ ಇನ್ನೊಂದು ಹೆಜ್ಜೆ ಇದೆ, ನಾನು ಜಾರಿ ಬಿದ್ದದ್ದು ಅಲ್ಲೇ. ಟೇಬಲ್ ಇರುವುದು ಹತ್ತರ ಆಧಾರಕ್ಕೆ, ನಮ್ಮ ಸೂತ್ರ ಇರುವುದು e ಆಧಾರಕ್ಕೆ. ಆದ್ದರಿಂದ 2.303ರಿಂದ ಭಾಗಿಸಬೇಕು. 1.7325/2.303 = 0.7523. ಅಂದರೆ N/N0 ಇದರ ಲಾಗ್ -0.7523.

ಮೈನಸ್ ಇರುವ ಸಂಖ್ಯೆಗೆ ಟೇಬಲ್‌ನಲ್ಲಿ ಆಂಟಿಲಾಗ್ ಸಿಗುವುದಿಲ್ಲ. ಅದಕ್ಕೆ ಒಂದು ಕಳೆದು ಒಂದು ಕೂಡಬೇಕು: -1 + 0.2477. ಇದನ್ನೇ ನಾವು ಬಾರ್ ಒನ್ ಪಾಯಿಂಟ್ 2477 ಅನ್ನುವುದು. 0.2477ರ ಆಂಟಿಲಾಗ್ 1.769. ಬಾರ್ ಒನ್ ಇರುವುದರಿಂದ ದಶಾಂಶ ಬಿಂದು ಒಂದು ಮನೆ ಎಡಕ್ಕೆ, ಉತ್ತರ 0.1769. ಅಂಚಿನ ಬೇಲಿ ನೋಡಿ: 0.125ಕ್ಕೂ 0.25ಕ್ಕೂ ನಡುವೆ ಇದೆ.

ನಾನು ಏನು ಮಾಡಿದ್ದೆ ಗೊತ್ತಾ? ಒಂದರಿಂದ ಕಳೆಯದೆ 0.7523ಕ್ಕೇ ಸೀದಾ ಆಂಟಿಲಾಗ್ ತೆಗೆದೆ. 5.653 ಬಂತು. "ಮೈನಸ್ ಇದೆಯಲ್ಲ" ಅಂತ ಬಿಂದುವನ್ನು ಎಡಕ್ಕೆ ತಳ್ಳಿ 0.5653 ಮಾಡಿದೆ. ಬೇಲಿ ಹಾಕಿದ್ದರೆ ಅಲ್ಲೇ ಸಿಕ್ಕಿಬೀಳುತ್ತಿದ್ದೆ. ಬಾರ್ ಅಂದರೆ ತಲೆನೋವು ಅನ್ನುವ ಮಕ್ಕಳಿಗೆ ಈಗ ಇನ್ನೊಂದು ದಾರಿ ಹೇಳುತ್ತೇನೆ. 5.653 ಅನ್ನುವುದು N0/N. ಅದನ್ನು ತಿರುಗಿಸಿ, 1 ಭಾಗ 5.653 ಮಾಡಿ, 0.1769 ಬಂದೇ ಬರುತ್ತದೆ. ನನಗಂತೂ ಇದೇ ಇಷ್ಟ.

ಹೋದ ವರ್ಷ ಒಬ್ಬ ಹುಡುಗ 0.0821 ತಂದು ತೋರಿಸಿದ. ಬೇಲಿಯ ಕೆಳಗೆ ಹೋಗಿದೆ. "λ ಎಷ್ಟು ಹಾಕಿದೆಯೋ?" ಅಂದೆ. "ಒಂದು ಬೈ ಎಂಟು, ಮಿಸ್." ಅದು ಸರಾಸರಿ ಆಯುಷ್ಯದ ಸಂಬಂಧ. λ ಅನ್ನುವುದು 1 ಭಾಗ ಸರಾಸರಿ ಆಯುಷ್ಯ, 1 ಭಾಗ ಅರ್ಧಾಯುಷ್ಯ ಅಲ್ಲ. ಅಯೋಡಿನ್-131ರ ಸರಾಸರಿ ಆಯುಷ್ಯ 8/0.693, ಸುಮಾರು 11.5 ದಿನ. ಎರಡೂ 'ಆಯುಷ್ಯ'ವೇ ಆದ್ದರಿಂದ ಅವನಿಗೆ ಅದಲುಬದಲಾಗಿತ್ತು. ಇನ್ನೊಬ್ಬಳದು 0.823. ಅವಳ ಲೆಕ್ಕದಲ್ಲಿ ತಪ್ಪೇ ಇರಲಿಲ್ಲ. ಉಳಿದದ್ದು ಕೇಳಿದರೆ ಕ್ಷಯವಾದದ್ದನ್ನು ಹೇಳಿದ್ದಳು ಅಷ್ಟೇ. ಒಂದರಿಂದ ಕಳೆದರೆ ಸರಿಹೋಯಿತು.

ಆದರೆ ಈ ಬೇಲಿಯನ್ನು ಹಾರದೆ ಒಳಗೇ ಕೂರುವ ತಪ್ಪೊಂದಿದೆ. ನನ್ನನ್ನು ಜಾಸ್ತಿ ಯೋಚನೆಗೆ ಹಚ್ಚಿದ್ದು ಅದೇ. ಜಾಣ ಹುಡುಗಿಯೊಬ್ಬಳು ಸೂತ್ರವನ್ನೇ ಮುಟ್ಟದೆ ಹೇಳಿದಳು: "ಮಿಸ್, 20 ಅನ್ನೋದು 16ಕ್ಕೂ 24ಕ್ಕೂ ಸರಿ ಮಧ್ಯ ಅಲ್ವಾ? ಹಾಗಾದ್ರೆ ಉತ್ತರವೂ 0.25ಕ್ಕೂ 0.125ಕ್ಕೂ ಮಧ್ಯ. 0.1875." ಕೇಳಲು ಎಷ್ಟು ಸರಿಯಾಗಿದೆ! ಬೇಲಿಯ ಒಳಗೂ ಇದೆ. ಆದರೂ ತಪ್ಪು.

ಅವಳ ಮಾತು ನಿಜವಾಗಬೇಕಾದರೆ 16ರಿಂದ 20ರವರೆಗೆ ಎಷ್ಟು ಕರಗಿತೋ 20ರಿಂದ 24ರವರೆಗೂ ಅಷ್ಟೇ ಕರಗಬೇಕು. ಹಾಗಾಗುವುದಿಲ್ಲ. ಮೊದಲ ನಾಲ್ಕು ದಿನ ಜಾಸ್ತಿ ಪರಮಾಣು ಇವೆ, ಜಾಸ್ತಿ ಹೋಗುತ್ತವೆ. ಆಮೇಲಿನ ನಾಲ್ಕು ದಿನಕ್ಕೆ ಇರುವುದೇ ಕಡಿಮೆ, ಹೋಗುವುದೂ ಕಡಿಮೆ. ಗ್ರಾಫ್ ಬಿಡಿಸಿದರೆ ಗೆರೆ ನೆಟ್ಟಗೆ ಇಳಿಯುವುದಿಲ್ಲ. ಬಟ್ಟೆ ಒಣಹಾಕುವ ಹಗ್ಗದ ಹಾಗೆ ನಡುವೆ ಜೋತು ಬೀಳುತ್ತದೆ. ಹಾಗಾಗಿ ನಿಜವಾದ ಉತ್ತರ ಯಾವಾಗಲೂ ಸರಾಸರಿಗಿಂತ ಸ್ವಲ್ಪ ಕೆಳಗೇ ಇರುತ್ತದೆ. 0.1875 ಅಲ್ಲ, 0.1769.

ಅವಳು ಬಿಡಲಿಲ್ಲ. "ಹಾಗಾದ್ರೆ ಅರ್ಧ ಅರ್ಧಾಯುಷ್ಯಕ್ಕೆ ಎಷ್ಟು ಉಳಿಯುತ್ತೆ?" ಅಂದಳು. ಒಳ್ಳೆಯ ಪ್ರಶ್ನೆ. 4 ದಿನಕ್ಕೆ ಯಾವುದೋ ಒಂದು ಭಾಗ ಉಳಿಯುತ್ತದೆ ಅನ್ನಿ. ಇನ್ನು 4 ದಿನಕ್ಕೆ ಅದರಲ್ಲಿ ಮತ್ತೆ ಅಷ್ಟೇ ಭಾಗ. ಎರಡನ್ನೂ ಗುಣಿಸಿದರೆ ಅರ್ಧ ಬರಬೇಕು. ಅಂದರೆ ಅದು ಅರ್ಧದ ವರ್ಗಮೂಲ, 0.707. ಅಲ್ಲಿಗೆ ಲಾಗ್ ಟೇಬಲ್ಲೂ ಬೇಡ: 16 ದಿನಕ್ಕೆ 0.25, ಮೇಲಿನ 4 ದಿನಕ್ಕೆ 0.707, ಗುಣಿಸಿದರೆ 0.1768. ಕೊನೆಯ ಅಂಕಿಯ ಒಂದರ ವ್ಯತ್ಯಾಸ ನಾವು 2.303, 0.693 ಅಂತ ಚಿಕ್ಕದು ಮಾಡಿಕೊಂಡದ್ದರಿಂದ ಬಂದದ್ದು. ಅದಕ್ಕೆ ಯಾರೂ ಅಂಕ ಕಳೆಯುವುದಿಲ್ಲ. ಇನ್ನೊಮ್ಮೆ ವರ್ಗಮೂಲ ತೆಗೆದರೆ 2 ದಿನದ ಲೆಕ್ಕ ಸಿಗುತ್ತದೆ, 0.841. ಸಮಯ ಬೆಸ ದಿನಗಳಲ್ಲಿ ಇದ್ದರೆ ಮಾತ್ರ ಲಾಗ್ ಟೇಬಲ್ ಸಲೀಸು.

ಆಲೂಗಡ್ಡೆ ರೈತರ ಮಗನೊಬ್ಬ λ ಬಗ್ಗೆ ಕೇಳಿದ್ದನ್ನೂ ಹೇಳಿಬಿಡುತ್ತೇನೆ. "0.0866 ಅಂದ್ರೆ ದಿನಾ ನೂರಕ್ಕೆ 8.66 ಹೋಗುತ್ತೆ ಅಂತಾನಾ?" ಹತ್ತಿರ ಬಂದಿದ್ದ. ಆದರೆ ಒಂದು ದಿನಕ್ಕೆ e^(-0.0866) ಹಾಕಿ ನೋಡಿದರೆ 0.917 ಉಳಿಯುತ್ತದೆ, ಹೋಗುವುದು ನೂರಕ್ಕೆ 8.3. 0.0866 ಅನ್ನುವುದು ಆ ಕ್ಷಣಕ್ಕೆ ಇರುವ ದಾಸ್ತಾನಿಗೆ ತಕ್ಕ ದರ, ಅದು ಬದಲಾಗುವುದಿಲ್ಲ. ಆದರೆ ಬೆಳಗ್ಗೆ ಕರಗುತ್ತಿದ್ದ ವೇಗ ಸಂಜೆಗೆ ಇರುವುದಿಲ್ಲ, ಯಾಕೆಂದರೆ ಅಷ್ಟರಲ್ಲಿ ದಾಸ್ತಾನೇ ಕಡಿಮೆಯಾಗಿರುತ್ತದೆ. ಇನ್ನೊಂದು, λ ದಿನದಲ್ಲಿ ಇದ್ದರೆ t ಕೂಡ ದಿನದಲ್ಲೇ ಇರಬೇಕು. 20 ದಿನವನ್ನು 480 ಗಂಟೆ ಮಾಡಿ ಹಾಕಿದವರಿಗೆ ಉತ್ತರ ಬಿಂದುವಿನ ಮುಂದೆ ಸೊನ್ನೆಗಳ ಸಾಲಾಗಿ ಬರುತ್ತದೆ.

ನಾನು ಯಾವಾಗಲೂ ಅಯೋಡಿನ್-131 ಲೆಕ್ಕವನ್ನೇ ಕೊಡುವುದಕ್ಕೆ ಮನೆಯದೇ ಕಾರಣ ಇದೆ. ಸಕಲೇಶಪುರದ ನಮ್ಮ ಚಿಕ್ಕಮ್ಮನಿಗೆ ಥೈರಾಯ್ಡ್‌ಗೆ ಇದೇ ಅಯೋಡಿನ್ ಕೊಟ್ಟಿದ್ದರು. ಡಾಕ್ಟರು ಮಕ್ಕಳಿಂದ ಇಷ್ಟು ದಿನ ದೂರ ಇರಿ ಅಂತ ಬರೆದುಕೊಟ್ಟಿದ್ದರು. ಆ ಗಡುವು ಮುಗಿದ ಮೇಲೂ ಅವರಿಗೆ ಧೈರ್ಯ ಸಾಲದು. ಫೋನ್ ಮಾಡಿ, "ಮಗಾ, ನೀನು ಇದನ್ನೇ ಪಾಠ ಮಾಡ್ತೀಯಲ್ಲ, ಪೂರ್ತಿ ಯಾವಾಗ ಹೋಗುತ್ತೆ ಹೇಳೇ" ಅಂದರು.

ಪೂರ್ತಿ ಅನ್ನುವ ಮಾತಿಗೆ ನಮ್ಮ ಸೂತ್ರದಲ್ಲಿ ಜಾಗ ಇಲ್ಲ, ಎಷ್ಟು ಸಲ ಅರ್ಧ ಮಾಡಿದರೂ ಏನೋ ಒಂದು ಚೂರು ಉಳಿಯುತ್ತದೆ. ಅದನ್ನು ಹೇಳಿ ಹೆದರಿಸಲಿಲ್ಲ. ಹತ್ತು ಅರ್ಧಾಯುಷ್ಯಕ್ಕೆ, ಅಂದರೆ 80 ದಿನಕ್ಕೆ, 1024ರಲ್ಲಿ ಒಂದು ಭಾಗ ಉಳಿಯುತ್ತೆ ಅಂದೆ. ಅದೂ ಸೀಸೆಯಲ್ಲಿ ಮುಚ್ಚಿಟ್ಟ ಅಯೋಡಿನ್ ಲೆಕ್ಕ. ದೇಹದಲ್ಲಿ ಕ್ಷಯದ ಜೊತೆಗೆ ಮೂತ್ರದಲ್ಲೂ ಹೊರಗೆ ಹೋಗುವುದರಿಂದ ಇನ್ನೂ ಬೇಗ ಕಡಿಮೆಯಾಗುತ್ತದೆ, ಡಾಕ್ಟರು ಅದನ್ನೆಲ್ಲ ಲೆಕ್ಕ ಹಾಕಿಯೇ ಕಡಿಮೆ ದಿನ ಹೇಳಿರುತ್ತಾರೆ ಅಂದೆ.

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಬೆರಳು ಮಡಚಿ ಎಣಿಸುತ್ತಿದ್ದರು ಅನ್ನಿಸುತ್ತದೆ.

"ಎಂಬತ್ತು ದಿನ ಅಂದ್ರೆ ದೀಪಾವಳಿ ಹೊತ್ತಿಗೆ ಆಯ್ತು. ಮಕ್ಕಳನ್ನ ಆಗಲೇ ಕರ್ಕೊಂಡು ಬಾ. ಡಾಕ್ಟರು ಏನೇ ಹೇಳಲಿ, ನಾನು ನಿನ್ನ ಲೆಕ್ಕಾನೇ ಇಟ್ಕೋತೀನಿ."