ಆಪರೇಷನ್ ಗಾಯದ ಕಲೆಯ ವಾರದ ಫೋಟೋ: ನನ್ನ ಅನುಭವ

"ಫೋಟೋ ನೋಡಿದ್ರ ಏನ್ ತಿಳೀತದ್ರೀ ಸಿಸ್ಟರ್?" ಎಂದು ಜೊತೆಯವರೇ ಕೇಳುತ್ತಿದ್ದರು. ಹುಬ್ಬಳ್ಳಿಯಲ್ಲಿ ಮನೆಮನೆಗೆ ಹೋಗಿ ಡ್ರೆಸ್ಸಿಂಗ್ ಮಾಡುತ್ತೇನೆ, ಹೊಲಿಗೆ ಹಾಕಿದ ಗಾಯದ ಕಲೆ ಹೇಗೆ ಬದಲಾಗುತ್ತದೆ ಎಂದು ನೋಡಲು ವಾರಕ್ಕೊಂದು ಫೋಟೋ ತೆಗೆಯುತ್ತೇನೆ. ಉಣಕಲ್ಲಿನ ಒಬ್ಬ ಹುಡುಗನ ಕಲೆ ನೋಡಿದ ಮೇಲೆ ಆ ಪ್ರಶ್ನೆ ನಿಂತಿತು.

ಬೈಕಿನಿಂದ ಬಿದ್ದು ಕಾಲರ್ ಬೋನ್ ಮುರಿದಿತ್ತು, ಪ್ಲೇಟ್ ಹಾಕಿದ್ದರು. ಭುಜ, ಎದೆಯ ಭಾಗದ ಕಲೆಗಳನ್ನು ನಾನು ಜಾಸ್ತಿ ಗಮನಿಸುತ್ತೇನೆ. ಗಾಯದ ಗೆರೆ ದಾಟಿ ಉಬ್ಬುತ್ತಾ ಹೋಗುವ ಕಲೆ, ಅಂದರೆ ಕೀಲಾಯ್ಡ್, ಬೆಳೆಯುವುದು ಅಲ್ಲೇ ಹೆಚ್ಚು.

ಮೊದಲ ತಿಂಗಳ ಫೋಟೋಗಳು ಪೂರ್ತಿ ವ್ಯರ್ಥವಾದವು. ಒಂದು ವಾರ ಟ್ಯೂಬ್‌ಲೈಟ್, ಇನ್ನೊಂದು ವಾರ ಹಳದಿ ಬಲ್ಬು. ಸಾಲದ್ದಕ್ಕೆ ಫೋನಿನ ಬ್ಯೂಟಿ ಮೋಡ್ ಚರ್ಮವನ್ನು ನುಣುಪು ಮಾಡಿತ್ತು. ಸುಮಾರು ಸಾವಿರದ ಇನ್ನೂರು ಕೊಟ್ಟು ರಿಂಗ್ ಲೈಟ್ ತಂದೆ, ಅದೂ ದಂಡ. ನೇರ ಬೆಳಕು ಬಿದ್ದರೆ ಉಬ್ಬು ಕಾಣುವುದೇ ಇಲ್ಲ. ಕೊನೆಗೆ ಕೆಲಸಕ್ಕೆ ಬಂದದ್ದು ಬೆಳಗಿನ ಕಿಟಕಿ. ಬೆಳಕು ಪಕ್ಕದಿಂದ ಬಂದರೆ ಉಬ್ಬಿನ ನೆರಳು ಬೀಳುತ್ತದೆ. ಪಕ್ಕದಲ್ಲಿ ಒಂದು ಬಿಳಿ ಕಾಗದದ ಅಳತೆಪಟ್ಟಿ ಇಟ್ಟೆ. ಕಾಗದ ಎರಡೂ ವಾರ ಒಂದೇ ಬಿಳಿ ಕಂಡರೆ ಮಾತ್ರ ಬಣ್ಣ ಹೋಲಿಸುತ್ತೇನೆ. ನಮ್ಮ ಮೈಬಣ್ಣದಲ್ಲಿ ಕೆಂಪು ಕೆಂಪಾಗಿ ಕಾಣುವುದಿಲ್ಲ, ನೇರಳೆ ಕಂದಾಗಿ ಕಾಣುತ್ತದೆ ಅಲ್ವಾ? ಅದಕ್ಕೇ ಕಾಗದ ಬೇಕು.

ಆರನೇ ವಾರ ಕಲೆ ದಪ್ಪವಾಯಿತು, ಬಣ್ಣವೂ ಏರಿತು. ತಾಯಿ ಹೆದರಿದರು, ನಾನು ಹೆದರಲಿಲ್ಲ. ಮೊದಲ ಎರಡು ಮೂರು ತಿಂಗಳು ಕಲೆ ಸಾಮಾನ್ಯವಾಗಿ ಹೀಗೇ ಏರಿ ಆಮೇಲೆ ಇಳಿಯುತ್ತದೆ. ಹೊಲಿಗೆಯ ಗೆರೆ ದಾಟದಿದ್ದರೆ ಕಾಯಬಹುದು.

ಆದರೆ ಹದಿನಾರನೇ ವಾರ ಒಂದು ತುದಿ ಗೆರೆ ದಾಟಿತ್ತು. ಕಲೆಯ ಅಂಚಿಗೂ ಪಕ್ಕದ ಮಚ್ಚೆಗೂ ಮೊದಲು ಸುಮಾರು ಎಂಟು ಮಿಲಿಮೀಟರ್ ಇತ್ತು, ಈಗ ಐದು. ನಡುವೆ ಒಂದು ವಾರ ಮೂರೇ ಕಂಡಿತ್ತು, ಆದರೆ ಆವತ್ತು ಹುಡುಗ ಕೈ ಎತ್ತಿದ್ದ. ಕೈ ಎತ್ತಿದರೆ ಚರ್ಮ ಸರಿದು ಅಳತೆ ಸುಳ್ಳಾಗುತ್ತದೆ. ಕೈ ಇಳಿಬಿಟ್ಟು ಮತ್ತೆ ತೆಗೆದೆ, ಆಗಲೂ ಐದೇ ಬಂತು. ತುರಿಕೆಯೂ ಇತ್ತು. ಆರು ಫೋಟೋ ಸಾಲಾಗಿ ಇಟ್ಟು ಸರ್ಜನ್‌ಗೆ ತೋರಿಸಿದೆವು. ಅವರು ಕಲೆಯೊಳಗೇ ಸ್ಟೀರಾಯ್ಡ್ ಇಂಜೆಕ್ಷನ್ ಶುರು ಮಾಡಿದರು.

ನಡುವೆ ನನ್ನದೇ ಹಳೇ ಅಪೆಂಡಿಕ್ಸ್ ಕಲೆಯನ್ನು ಕಪ್ಪು-ಬಿಳುಪಿನಲ್ಲಿ ತೆಗೆದು ನೋಡಿದೆ. ಉಬ್ಬು ಚೆನ್ನಾಗಿ ಕಂಡಿತು, ಬಣ್ಣ ಕಳೆಯಿತು. ಈಗ ಎರಡೂ ತೆಗೆಯುತ್ತೇನೆ.

ವಾರದ ಫೋಟೋಕ್ಕೆ ಕಾಯಬಾರದ ಸಂಗತಿಗಳೂ ಇವೆ. ಮೊದಲ ತಿಂಗಳಲ್ಲಿ ಕೆಂಪು ಸುತ್ತಲೂ ಹರಡಿದರೆ, ಕೀವು ಬಂದರೆ, ಹೊಲಿಗೆ ಬಾಯಿ ಬಿಟ್ಟರೆ, ಜ್ವರ ಬಂದರೆ ಅದೇ ದಿನ ತೋರಿಸಬೇಕು. ಕೆಂಪಿನ ಅಂಚಿಗೆ ಪೆನ್ನಿನಲ್ಲಿ ಗೆರೆ ಎಳೆಯುತ್ತೇನೆ, ಸಂಜೆಗೆ ಕೆಂಪು ಆ ಗೆರೆ ದಾಟಿದರೆ ಆಸ್ಪತ್ರೆಗೆ ಕಳಿಸುತ್ತೇನೆ. ಇನ್ನೊಂದು, ತಿಂಗಳುಗಳ ಮೇಲೆ ಪ್ಲೇಟ್ ಹಾಕಿದ ಗೆರೆಯಲ್ಲಿ ಮೊಡವೆಯಂತೆ ಎದ್ದು ನೀರು ಸುರಿದರೆ ಸಣ್ಣದೆಂದು ಬಿಡಬೇಡಿ. ಒಳಗೆ ಲೋಹ ಇದೆ, ಸೋಂಕು ಅದರವರೆಗೂ ಇರಬಹುದು.

ಹುಡುಗನಿಗೆ ಮೂರು ಇಂಜೆಕ್ಷನ್ ಆಗಿವೆ. ತುರಿಕೆ ನಿಂತಿದೆ, ಕಲೆ ಚಪ್ಪಟೆಯಾಗಿದೆ. ಮಚ್ಚೆಯ ಅಂತರ ಈ ವಾರವೂ ಐದೇ.